ರಿಸೆಪ್ಷನ್ ಫ್ಲ್ಯಾಶ್‌ನ ಮುಖ, ಶಾಮಿಯಾನದ ನೆರಳಿನ ಗ್ರೂಪ್ ಫೋಟೋ: ಹಣೆಯ ಹೊಳಪು ಹೊಂದಿಕೆ ಆಗ್ತಾ ಇಲ್ಲ

ಗಂಗಾವತಿ_ಆಲ್ಬಂ

ಎಲ್ಲರಿಗೂ ನಮಸ್ಕಾರ. ಗಂಗಾವತಿಯಲ್ಲಿ ಆಲ್ಬಂ ಡಿಸೈನಿಂಗ್ ಮಾಡುತ್ತೇನೆ. ಕಾರಟಗಿ ಕಡೆಯ ಒಂದು ಮದುವೆ ಆಲ್ಬಂ ಕೈಯಲ್ಲಿದೆ. ಬೆಳಿಗ್ಗೆ ಮನೆ ಮುಂದೆ ಬಿಳಿ ಶಾಮಿಯಾನದ ಕೆಳಗೆ ತೆಗೆದ ಗ್ರೂಪ್ ಫೋಟೋ ಇದೆ. ಮನೆಯವರೆಲ್ಲ ಒಟ್ಟಿಗೆ ಇರುವುದು ಅದೊಂದರಲ್ಲೇ. ಹುಡುಗಿಯ ಸೋದರಮಾವ ಸರಿಯಾಗಿ ಆ ಹೊತ್ತಿಗೆ ಹಿಂದಕ್ಕೆ ತಿರುಗಿದ್ದಾರೆ. ಕಿವಿ ಮತ್ತು ಕೆನ್ನೆಯ ಅಂಚು ಬಿಟ್ಟರೆ ಮುಖವೇ ಇಲ್ಲ.

ಅವರೇ ಫೋನ್ ಮಾಡಿ "ನನ್ನ ಮುಖ ಕೂರಿಸಿ ಕೊಡ್ರಿ" ಎಂದು ಕೇಳಿದ್ದಾರೆ. ಅವರು ನೇರವಾಗಿ ಕ್ಯಾಮೆರಾ ನೋಡಿರುವುದು ರಾತ್ರಿ ರಿಸೆಪ್ಷನ್ ಸ್ಟೇಜಿನ ಫೋಟೋದಲ್ಲಿ ಮಾತ್ರ. ಮೇ ತಿಂಗಳ ಸೆಕೆ, ಮುಖದ ತುಂಬ ಬೆವರು, ಕ್ಯಾಮೆರಾ ಮೇಲೆಯೇ ಫ್ಲ್ಯಾಶ್. ಹಣೆ ನಡುವೆ, ಮೂಗಿನ ತುದಿಯಲ್ಲಿ, ಎರಡೂ ಕೆನ್ನೆ ಮೇಲೆ ಬಿಳಿ ಪಟ್ಟೆಗಳು.

ಫೋಟೋಶಾಪ್‌ನಲ್ಲಿ ಆ ಮುಖ ಕೂರಿಸಿದೆ, ಸೈಜು ಸರಿಹೋಯಿತು. ತಲೆಯ ಕೋನವೂ ಕೂತಿತು. ಬಣ್ಣವನ್ನೂ ಹತ್ತಿರಕ್ಕೆ ತಂದೆ. ಆದರೂ ನೋಡಿದ ತಕ್ಷಣ ಅಂಟಿಸಿದ್ದು ಎಂದು ಗೊತ್ತಾಗುತ್ತದೆ. Highlights ಕೆಳಗೆ ಎಳೆದರೆ ಬಿಳಿ ಹೋಗಿ ಅದೇ ಜಾಗದಲ್ಲಿ ಬೂದು ಕಲೆ ಕೂರುತ್ತದೆ. ಏನು ಮಾಡಬೇಕು?

ಸಿಂಧನೂರು_ಕ್ಲಿಕ್

ಇದಕ್ಕೆ ಇಷ್ಟು ಯೋಚನೆ ಬೇಡ ಅಣ್ಣಾ. ಫ್ರೀಕ್ವೆನ್ಸಿ ಸಪರೇಷನ್ ಮಾಡಿ. ಮೇಲಿನ ಲೇಯರ್‌ನಲ್ಲಿ ಚರ್ಮದ ರಂಧ್ರಗಳು, ಕೆಳಗಿನದರಲ್ಲಿ ಬಣ್ಣ ಮತ್ತು ಬೆಳಕು. ಕೆಳಗಿನ ಲೇಯರ್‌ನಲ್ಲಿ ಹೊಳಪಿನ ಸುತ್ತ ಲ್ಯಾಸೋ ಹಾಕಿ, Gaussian Blur ಜಾಸ್ತಿ ಕೊಡಿ. ನಾನು ಮದುಮಗಳ ಮೇಕಪ್ ಹೊಳಪಿಗೆ ಯಾವಾಗಲೂ ಇದನ್ನೇ ಮಾಡುತ್ತೇನೆ, ಚೆನ್ನಾಗಿ ಬರುತ್ತದೆ.

ಮಾನ್ವಿ_ಸುಜಾತ

ನನಗೂ ಇದೇ ಸಮಸ್ಯೆ. ನಮ್ಮ ಅಪ್ಪಾಜಿಯ ಹಳೇ ಫೋಟೋಗೆ ಗಾಜಿನ ಫ್ರೇಮ್ ಇದೆ. ಮೊಬೈಲ್‌ನಲ್ಲಿ ತೆಗೆದರೆ ಹಣೆ ಮೇಲೆ ಟ್ಯೂಬ್‌ಲೈಟ್ ಹೊಳೆಯುತ್ತದೆ. ನೀವು ಫ್ರೇಮ್‌ನಿಂದ ಬಿಚ್ಚಿ ಸ್ಕ್ಯಾನ್ ಮಾಡಿಸಿ ನೋಡಿದ್ರಾ? ನಮ್ಮದು ಅಂಟಿಕೊಂಡಿದೆ, ಬಿಚ್ಚೋಕೆ ಭಯ.

ಬಳ್ಳಾರಿ_ರೀಟಚ್

ಸುಜಾತ ಅವರೇ, ನಿಮ್ಮದು ಗಾಜಿನ ಮೇಲಿನ ಹೊಳಪು. ಇವರದು ಫೋಟೋದಲ್ಲಿರುವ ಚರ್ಮದ ಮೇಲೆಯೇ ಬಿದ್ದ ಹೊಳಪು. ನಿಮ್ಮದಕ್ಕೆ ಸುಲಭದ ದಾರಿ ಇದೆ, ಬಿಚ್ಚುವುದು ಬೇಡ. ಟ್ಯೂಬ್‌ಲೈಟ್ ಆರಿಸಿ. ಫ್ರೇಮನ್ನು ಕಿಟಕಿಯ ಪಕ್ಕ ಹಿಡಿದು, ಬೆಳಕು ಓರೆಯಾಗಿ ಒಂದು ಬದಿಯಿಂದ ಬರುವ ಹಾಗೆ ಮಾಡಿ. ನಿಮ್ಮ ಹಿಂದೆ ಕಪ್ಪು ಬಟ್ಟೆ ಕಟ್ಟಿ ತೆಗೆಯಿರಿ. ಗಾಜಿನಲ್ಲಿ ಕಾಣೋದು ಆ ಕಪ್ಪು ಬಟ್ಟೆ ಮಾತ್ರ, ಹಾಗಾಗಿ ಫೋಟೋ ಸ್ವಚ್ಛವಾಗಿ ಬರುತ್ತದೆ.

ಗಂಗಾವತಿ ತಮ್ಮಾ, ಮೊದಲು ಮೂರು ವಿಷಯ ಹೇಳು. ರಿಸೆಪ್ಷನ್ ಫೋಟೋದ ರಾ ಫೈಲ್ ಇದೆಯಾ? ನಿನ್ನ ಕೈಗೆ ಬಂದಿರುವುದು ವಾಟ್ಸಾಪ್‌ನಲ್ಲಿ ಬಂದ ಕಾಪಿಯಾ, ಕಾರ್ಡಿನ ಕಾಪಿಯಾ? ಗ್ರೂಪ್ ಫೋಟೋದಲ್ಲಿ ಮಾವನ ಪಕ್ಕ ನಿಂತವರ ಮುಖದಲ್ಲಿ ಬೆಳಕು ಯಾವ ಕಡೆಯಿಂದ ಬಂದಿದೆ?

ಗಂಗಾವತಿ_ಆಲ್ಬಂ

ಅಕ್ಕ, ರಾ ಇಲ್ಲ. ಕ್ಯಾಮೆರಾಮನ್ ಜೆಪೆಗ್ ಮಾತ್ರ ತೆಗೆಯುತ್ತಾರೆ. ಮೊದಲು ವಾಟ್ಸಾಪ್ ಕಾಪಿ ಇತ್ತು, ಈಗ ಕಾರ್ಡಿನಿಂದಲೇ ತರಿಸಿಕೊಂಡೆ. ಮುಖದ ಅಗಲ ಸುಮಾರು 600 ಪಿಕ್ಸೆಲ್ ಇದೆ.

ಪಕ್ಕದಲ್ಲಿ ಅವರ ತಮ್ಮ ನಿಂತಿದ್ದಾರೆ, ಮೈಬಣ್ಣ ಒಂದೇ. ಶಾಮಿಯಾನದ ರಸ್ತೆ ಕಡೆ ಬದಿ ತೆರೆದಿದೆ. ನಾವು ನೋಡುವಾಗ ಎಡಗಡೆಯಿಂದ ಬೆಳಕು. ಎಡ ಕೆನ್ನೆ ಬೆಳ್ಳಗೆ, ಬಲ ಕೆನ್ನೆ ಮೆಲ್ಲಗೆ ಮಬ್ಬಾಗುತ್ತಾ ಹೋಗಿದೆ. ಎಲ್ಲಿಯೂ ನೆರಳಿನ ಗೆರೆ ಇಲ್ಲ.

ಬಳ್ಳಾರಿ_ರೀಟಚ್

ಮಾವನ ತಮ್ಮ ಪಕ್ಕದಲ್ಲೇ ನಿಂತಿರುವುದು ನಿನಗೆ ದೊಡ್ಡ ಅನುಕೂಲ. ಅವರ ಮುಖವನ್ನೇ ಅಳತೆಗೆ ಇಟ್ಟುಕೋ. F8 ಒತ್ತಿ Info ಪ್ಯಾನೆಲ್ ತೆಗೆ. ಐಡ್ರಾಪರ್ ಸ್ಯಾಂಪಲ್ ಸೈಜು 5 by 5 ಇಡು. ತಮ್ಮನ ಹಣೆಯ ಅತಿ ಬೆಳ್ಳಗಿನ ಜಾಗ, ಬಲ ಕೆನ್ನೆಯ ಮಬ್ಬು ಜಾಗ, ಆಮೇಲೆ ಮಾವನ ಹಣೆಯ ಹೊಳಪಿನ ನಡುವೆ, ಮೂರೂ ಕಡೆ ಅಂಕಿ ಬರೆದು ಇಲ್ಲಿ ಹಾಕು.

ಗಂಗಾವತಿ_ಆಲ್ಬಂ

ತಮ್ಮನ ಹಣೆ: R 205, G 160, B 134.
ತಮ್ಮನ ಬಲ ಕೆನ್ನೆ: R 148, G 108, B 88.
ಮಾವನ ಹಣೆಯ ಹೊಳಪು: R 255, G 253, B 248.

ಬಳ್ಳಾರಿ_ರೀಟಚ್

ಬೂದು ಕಲೆ ಯಾಕೆ ಬರುತ್ತೆ ಅನ್ನೋದು ಈ ಅಂಕಿಗಳಲ್ಲೇ ಇದೆ, ನೋಡು. ತಮ್ಮನ ಹಣೆಯಲ್ಲಿ ಕೆಂಪಿಗೂ ನೀಲಿಗೂ ಸುಮಾರು 70ರ ಅಂತರ ಇದೆ. ಆ ಅಂತರ ಇರುವುದಕ್ಕೇ ಅದು ಚರ್ಮದ ಬಣ್ಣ. ಮಾವನ ಹೊಳಪಿನಲ್ಲಿ ಅಂತರ ಬರೀ 7. ಅಲ್ಲಿ ಚರ್ಮದ ಬಣ್ಣವೇ ಇಲ್ಲ. ನೀನು Highlights ಎಳೆದಾಗ ಮೂರೂ ಅಂಕಿ ಒಟ್ಟಿಗೆ ಇಳಿದು 210, 208, 203ರ ಹತ್ತಿರ ನಿಲ್ಲುತ್ತವೆ. ಅದು ಬೂದು ಬಣ್ಣವೇ. ಇಲ್ಲದ ಬಣ್ಣವನ್ನು ಸ್ಲೈಡರ್ ಎಲ್ಲಿಂದ ತರಬೇಕು?

ಹೊಳಪು ಅಂದರೆ ಚರ್ಮ ಬೆಳ್ಳಗಾಗಿದ್ದಲ್ಲ. ಬೆವರು ಮತ್ತು ಎಣ್ಣೆಯ ಪದರದ ಮೇಲೆ ಫ್ಲ್ಯಾಶ್‌ನ ಪ್ರತಿಬಿಂಬ ಬಿದ್ದಿದೆ. ಹಿತ್ತಾಳೆ ಚೊಂಬಿನ ಹೊಟ್ಟೆ ಮೇಲೆ ಬಾಗಿಲ ಬೆಳಕು ಕಾಣುವ ಹಾಗೆ. ಫ್ಲ್ಯಾಶ್‌ನ ಮುಖ ಅಂಗೈಗಿಂತ ಚಿಕ್ಕದು, ದೂರದಲ್ಲಿ ಬೇರೆ ಇರುತ್ತದೆ. ಅದಕ್ಕೇ ಪ್ರತಿಬಿಂಬ ಚಿಕ್ಕದು, ಅಂಚು ಗಟ್ಟಿ, ನಡುವೆ ಪೂರ್ತಿ ಬಿಳಿ. ತಮ್ಮನ ಹಣೆ ಮೇಲೂ ಬೆವರು ಇದ್ದಿರುತ್ತದೆ. ಆದರೆ ಅಲ್ಲಿ ಬೆಳಕು ಕೊಡುತ್ತಿರುವುದು ಇಡೀ ಶಾಮಿಯಾನದ ಬಟ್ಟೆ ಮತ್ತು ತೆರೆದ ಬದಿ. ಪ್ರತಿಬಿಂಬ ಇಡೀ ಹಣೆಗೆ ತೆಳ್ಳಗೆ ಹರಡಿ ಹೋಗಿದೆ, ಆದ್ದರಿಂದ ಕಣ್ಣಿಗೆ ಬೀಳುವುದಿಲ್ಲ.

ಹಾಗಾಗಿ ಸಿಂಧನೂರು ತಮ್ಮ ಹೇಳಿದ್ದರಲ್ಲಿ ಅರ್ಧ ಸರಿ. ಲೇಯರ್ ಎರಡು ಮಾಡುವುದು ಸರಿ. ಆದರೆ ಕೆಳಗಿನದನ್ನು ಬ್ಲರ್ ಮಾಡಿದರೆ ಆ ಬಿಳಿ ಎಲ್ಲಿಗೂ ಹೋಗುವುದಿಲ್ಲ, ಸುತ್ತಲಿನ ಒಳ್ಳೆ ಚರ್ಮಕ್ಕೂ ಹರಡುತ್ತದೆ. ಚಿಕ್ಕ ಗಟ್ಟಿ ಕಲೆ ಹೋಗಿ ದೊಡ್ಡ ಮಸುಕು ಕಲೆ ಬರುತ್ತದೆ. ಮೇಕಪ್ ಮಾಡಿದ ಮದುಮಗಳ ಮುಖದಲ್ಲಿ ನಡೆಯುತ್ತದೆ, ಯಾಕೆಂದರೆ ಅಲ್ಲಿ ಹೊಳಪು 255 ಮುಟ್ಟಿರುವುದಿಲ್ಲ, ಬಣ್ಣ ಇನ್ನೂ ಉಳಿದಿರುತ್ತದೆ.

ಸಿಂಧನೂರು_ಕ್ಲಿಕ್

ಸರಿ ಅಕ್ಕ, ಒಪ್ಪಿದೆ. ಆದರೆ ಬ್ಲರ್ ಬಿಟ್ಟರೆ ಕೆಳಗಿನ ಲೇಯರ್‌ನಲ್ಲಿ ಏನು ಮಾಡುತ್ತೀರಿ?

ಬಳ್ಳಾರಿ_ರೀಟಚ್

ಬಣ್ಣ ತುಂಬುತ್ತೇನೆ. ನಾನು ಮಾಡುವ ಕ್ರಮ ಹೇಳುತ್ತೇನೆ.

ಮುಖದ ಲೇಯರ್‌ಗೆ ಎರಡು ಕಾಪಿ. ಕೆಳಗಿನದಕ್ಕೆ Gaussian Blur. 600 ಪಿಕ್ಸೆಲ್ ಮುಖಕ್ಕೆ 5 ಅಥವಾ 6 ಸಾಕು. ರಂಧ್ರಗಳು ಮರೆಯಾಗಬೇಕು, ಮೂಗು ತುಟಿಗಳ ಆಕಾರ ಉಳಿಯಬೇಕು, ಅಲ್ಲಿಗೆ ನಿಲ್ಲಿಸು. ಮೇಲಿನ ಕಾಪಿಗೆ Apply Image. 8 ಬಿಟ್ ಫೈಲ್‌ಗೆ ಹೀಗೆ:

```
Layer: ಕೆಳಗಿನ ಬ್ಲರ್ ಲೇಯರ್
Blending: Subtract
Scale: 2
Offset: 128
```

ಆಮೇಲೆ ಮೇಲಿನ ಲೇಯರ್‌ನ ಮೋಡ್ Linear Light. ಇಲ್ಲಿಯವರೆಗೆ ಫೋಟೋ ಮೊದಲಿನ ಹಾಗೇ ಕಾಣಬೇಕು. ಕಾಣದಿದ್ದರೆ ಎಲ್ಲೋ ಲೇಯರ್ ತಪ್ಪಾಗಿ ಆಯ್ಕೆ ಆಗಿದೆ.

ಈಗ ಎರಡರ ನಡುವೆ ಖಾಲಿ ಲೇಯರ್ ಇಟ್ಟು, ಕೆಳಗಿನದಕ್ಕೆ ಕ್ಲಿಪ್ ಮಾಡಿ, ಮೋಡ್ Darken ಮಾಡು. ಹೊಳಪಿನ ಅಂಚಿನ ಆಚೆ, ಬಿಳಿ ತಾಗದ ಚರ್ಮದಿಂದ ಬಣ್ಣ ತೆಗೆದುಕೋ. ಮೆತ್ತನೆ ಬ್ರಷ್, Opacity 15ರಿಂದ 20. ಮೆಲ್ಲಗೆ ಪದರ ಪದರವಾಗಿ ಬಳಿ. Darken ಇರುವುದರಿಂದ ನಿನ್ನ ಬಣ್ಣಕ್ಕಿಂತ ಬೆಳ್ಳಗಿರುವುದು ಮಾತ್ರ ಮುಚ್ಚುತ್ತದೆ, ಹುಬ್ಬು ಸುಕ್ಕುಗಳಿಗೆ ಏನೂ ಆಗುವುದಿಲ್ಲ. ಒಂದೇ ಬಣ್ಣದಲ್ಲಿ ಇಡೀ ಹಣೆ ಬಳಿಯಬೇಡ. ಕೂದಲ ಬುಡದ ಬಣ್ಣ ಬೇರೆ, ಹುಬ್ಬಿನ ಮೇಲಿನದು ಬೇರೆ, ಮೂಗು ಇನ್ನೂ ಕೆಂಪು. ಮತ್ತೆ ಮತ್ತೆ ಸ್ಯಾಂಪಲ್ ತೆಗೆ.

ಇಷ್ಟಾದ ಮೇಲೆ ಹಣೆ ನಡುವೆ ನುಣ್ಣಗೆ ಪ್ಲಾಸ್ಟಿಕ್ ತರಹ ಕಾಣುತ್ತದೆ. ಅಲ್ಲಿ ರಂಧ್ರಗಳೇ ಇಲ್ಲ, ಬಿಳಿಯಲ್ಲಿ ಸುಟ್ಟುಹೋಗಿವೆ. ಮೇಲಿನ ಲೇಯರ್‌ಗೆ ಹೋಗಿ ಕ್ಲೋನ್ ಸ್ಟ್ಯಾಂಪ್ ತೆಗೆದು, Sample: Current Layer ಇಟ್ಟು, ಕಣತಲೆ ಹತ್ತಿರದ ಹಣೆಯಿಂದ ರಂಧ್ರಗಳನ್ನು ತಂದು ಹಾಕು. ಕೆನ್ನೆಯಿಂದ ತರಬೇಡ, ಅಲ್ಲಿನ ರಂಧ್ರಗಳ ಗಾತ್ರವೇ ಬೇರೆ.

ಇನ್ನೊಂದು, ಇದನ್ನು ಸುಮಾರು ಜನ ಬಿಡುತ್ತಾರೆ. ಹೊಳಪಿನ ಅಂಚು ಗಟ್ಟಿ ಇದ್ದುದರಿಂದ ಮೇಲಿನ ಲೇಯರ್‌ನಲ್ಲೂ ಅದರ ಗೆರೆ ಉಳಿದಿರುತ್ತದೆ. ಬಣ್ಣ ತುಂಬಿದ ಮೇಲೆ ಹೊಳಪಿದ್ದ ಜಾಗದ ಸುತ್ತ ತೆಳ್ಳನೆ ಉಂಗುರ ಕಾಣಿಸಿದರೆ ಅದು ಇದೇ. ಅದನ್ನೂ ಕ್ಲೋನ್ ಮಾಡಿ ತೆಗೆಯಬೇಕು.

ಕೊಪ್ಪಳ_ಕ್ಯಾಂಡಿಡ್

ಬಳ್ಳಾರಿ ಮೇಡಂ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. Channels ಪ್ಯಾನೆಲ್‌ನಲ್ಲಿ ನೀಲಿ ಚಾನೆಲ್ ಒಂದನ್ನೇ ನೋಡಿ. ಚರ್ಮದಲ್ಲಿ ಕೆಂಪು ಜಾಸ್ತಿ ಇರುವುದರಿಂದ ಮೊದಲು ಸುಡುವುದು ಕೆಂಪು, ಕೊನೆಗೆ ನೀಲಿ. ಹೊಳಪಿನ ಅಂಚಿನ ಹತ್ತಿರ ಕೆಂಪಿನಲ್ಲಿ ಏನೂ ಇಲ್ಲದಿದ್ದರೂ ನೀಲಿಯಲ್ಲಿ ರಂಧ್ರಗಳು, ಹಣೆಯ ಗೆರೆಗಳು ಇರುತ್ತವೆ. ಆ ಚಾನೆಲ್ ಕಾಪಿ ಮಾಡಿ ಅದರಿಂದಲೇ ಮೇಲಿನ ಲೇಯರ್ ಮಾಡಿಕೊಂಡರೆ ಅವರ ಸ್ವಂತ ಚರ್ಮವೇ ಸಿಗುತ್ತದೆ. ನಟ್ಟನಡುವೆ ಮಾತ್ರ ಕ್ಲೋನ್ ಬೇಕಾಗುತ್ತದೆ.

ಆದರೆ ನನ್ನ ಅಭಿಪ್ರಾಯ ಕೇಳಿದರೆ, ಮಾವ ಬದುಕಿದ್ದಾರೆ, ಹತ್ತಿರದಲ್ಲೇ ಇದ್ದಾರೆ. ಕರೆಸಿ, ಬೆಳಿಗ್ಗೆ ಅಂಗಡಿ ಮುಂದೆ ಬಿಳಿ ಬಟ್ಟೆ ಕಟ್ಟಿ, ಎಡಗಡೆ ತೆರೆದು ಹೊಸದಾಗಿ ತೆಗೆಯಿರಿ. ಸುಟ್ಟ ಮುಖದ ಮೇಲೆ ಇಷ್ಟು ಕೆಲಸ ಯಾಕೆ?

ಗಂಗಾವತಿ_ಆಲ್ಬಂ

ಅದನ್ನೂ ಕೇಳಿದೆ ಸರ್. ಮದುವೆ ಮುಗಿಸಿ ತಿರುಪತಿಗೆ ಹೋಗಿ ಮುಡಿ ಕೊಟ್ಟು ಬಂದಿದ್ದಾರೆ. ಮೀಸೆಯೂ ಇಲ್ಲ. ಸಿರುಗುಪ್ಪದಲ್ಲಿದ್ದಾರೆ, ಕರೆದರೆ ಬರುತ್ತಾರೆ.

ಕೊಪ್ಪಳ_ಕ್ಯಾಂಡಿಡ್

ಬಂದರೆ ಕರೆಸಿ. ಹಣೆ, ಕೆನ್ನೆ, ಮೂಗು ಹೊಸ ಫೋಟೋದಿಂದ. ಮೀಸೆ, ಕೂದಲು ಮಾತ್ರ ಹಳೆಯದರಿಂದ.

ಬಳ್ಳಾರಿ_ರೀಟಚ್

ಇದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಮೀಸೆ ಸುತ್ತ ಎರಡು ಫೋಟೋ ಸೇರುವ ಅಂಚು ಬರುತ್ತದೆ. ಮೇಲ್ತುಟಿಯ ಹತ್ತಿರ ಅಂಚು ಮುಚ್ಚುವುದು ಹಣೆ ತುಂಬುವುದಕ್ಕಿಂತ ಕಷ್ಟ. ಅದೂ ಅಲ್ಲದೆ ಆ ನಗು ಮತ್ತೆ ಬರುತ್ತದೆ ಅಂತ ಗ್ಯಾರಂಟಿ ಇಲ್ಲ.

ಆದರೆ ಬಂದರೆ ಒಂದು ಕೆಲಸ ಮಾಡು. ಕೊಪ್ಪಳದವರು ಹೇಳಿದ ಹಾಗೆ ಬಿಳಿ ಬಟ್ಟೆ ಕೆಳಗೆ, ಎಡ ತೆರೆದು, ಅದೇ ಕೋನದಲ್ಲಿ ಮೊಬೈಲ್‌ನಲ್ಲೇ ಒಂದು ಫೋಟೋ ತೆಗೆ. ಅದನ್ನು ಕತ್ತರಿಸಿ ಅಂಟಿಸುವುದಕ್ಕಲ್ಲ. ಪಕ್ಕದಲ್ಲಿ ತೆರೆದಿಟ್ಟುಕೊಂಡು, ಅವರ ಮೂಗಿಗೆ, ಅವರ ಕಣ್ಣಿನ ಗುಂಡಿಗೆ ಆ ಬೆಳಕಿನಲ್ಲಿ ನೆರಳು ಎಲ್ಲಿಂದ ಶುರುವಾಗುತ್ತದೆ ಅಂತ ನೋಡುವುದಕ್ಕೆ. ತಮ್ಮನ ಮುಖ ಸಾಕಷ್ಟು ಹೇಳುತ್ತದೆ, ಆದರೆ ಇಬ್ಬರ ಮೂಗು ಒಂದೇ ಅಲ್ಲವಲ್ಲ.

ನೆರಳಿನ ಮಾತು ಯಾಕೆ ಅಂದರೆ, ಹೊಳಪು ತೆಗೆದ ಮೇಲೂ ಮುಖ ಅಂಟಿಸಿದ್ದೇ ಎಂದು ಕಾಣುತ್ತದೆ. ಫ್ಲ್ಯಾಶ್ ನೇರ ಮುಂದಿನಿಂದ ಹೊಡೆದಿದೆ. ಎರಡೂ ಕೆನ್ನೆ ಒಂದೇ ಸಮ, ಕಣ್ಣಿನ ಗುಂಡಿಯಲ್ಲೂ ಬೆಳಕು. ಶಾಮಿಯಾನದಲ್ಲಿ ಬೆಳಕು ಮೇಲಿಂದ ಮತ್ತು ಎಡದಿಂದ. ಆದ್ದರಿಂದ ಒಂದು Curves ಲೇಯರ್ ಹಾಕಿ, ನಡುಭಾಗ ಕೆಳಗೆ ಎಳೆದು, ಮೋಡ್ Luminosity ಇಡು. ಇಲ್ಲದಿದ್ದರೆ ಕಪ್ಪಾಗುವ ಜೊತೆಗೆ ಚರ್ಮ ಕಿತ್ತಳೆಗೆ ತಿರುಗುತ್ತದೆ. ಮಾಸ್ಕ್ ಪೂರ್ತಿ ಕಪ್ಪು ಮಾಡಿ, ದೊಡ್ಡ ಮೆತ್ತನೆ ಬ್ರಷ್‌ನಲ್ಲಿ ಬಲ ಕೆನ್ನೆ, ಮೂಗಿನ ಬಲ ಗೋಡೆ, ಹುಬ್ಬಿನ ಕೆಳಗೆ, ಕೆಳತುಟಿ ಕೆಳಗೆ, ಗಲ್ಲದ ಕೆಳಗೆ ಬಳಿ. ಬಲ ಕೆನ್ನೆಯಲ್ಲಿ ಕೆಂಪು 148ರ ಹತ್ತಿರ ಬರುವವರೆಗೆ.

ಕೊನೆಗೆ ಹೊಳಪು ವಾಪಸ್ ಕೊಡು. ಹೌದು, ವಾಪಸ್. ಪೂರ್ತಿ ಹೊಳಪಿಲ್ಲದ ಮುಖ ಪೌಡರ್ ಹಾಕಿದ ಹಾಗೆ ಒಣಗಿ ಕಾಣುತ್ತದೆ, ಪಕ್ಕದ ತಮ್ಮನ ಮುಖದಲ್ಲಿ ಆ ತೆಳು ಹೊಳಪು ಇದೆ. ತಮ್ಮನ ಹಣೆಯ 205, 160, 134ನ್ನೇ ಬಣ್ಣವಾಗಿ ತೆಗೆದುಕೊಂಡು, ಹಣೆಯ ಎಡಭಾಗ ಮತ್ತು ಎಡ ಕೆನ್ನೆ ಮೂಳೆ ಮೇಲೆ ಅಗಲವಾಗಿ, Opacity 10ರಲ್ಲಿ ಬಳಿ. ನಡು ಹಣೆಯಲ್ಲಿ ಬೇಡ.

ಮಾನ್ವಿ_ಸುಜಾತ

ಅಕ್ಕ, ಕಪ್ಪು ಬಟ್ಟೆ ಕಟ್ಟಿ ತೆಗೆದೆ. ಅಪ್ಪಾಜಿ ಹಣೆ ಸ್ಪಷ್ಟವಾಗಿ ಬಂತು. ತುಂಬಾ ಥ್ಯಾಂಕ್ಸ್. ನಡುವೆ ಬಂದು ಕೇಳಿದ್ದಕ್ಕೆ ಬೇಜಾರಾಗಬೇಡಿ.

ಗಂಗಾವತಿ_ಆಲ್ಬಂ

ಮಾಡಿ ನೋಡಿದೆ ಅಕ್ಕ. ಹಣೆ ಚೆನ್ನಾಗಿ ಬಂತು. ಉಂಗುರ ನಿಜಕ್ಕೂ ಇತ್ತು, ನೀವು ಹೇಳದಿದ್ದರೆ ಅದು ಏನೆಂದು ಗೊತ್ತಾಗುತ್ತಿರಲಿಲ್ಲ. ನೀಲಿ ಚಾನೆಲ್‌ನಲ್ಲಿ ಹಣೆಯ ಎರಡು ಗೆರೆ ಪೂರ್ತಿ ಸಿಕ್ಕವು. ಮಾವ ಬಂದು ಹೋದರು, ಮೊಬೈಲ್ ಫೋಟೋ ಪಕ್ಕದಲ್ಲಿಟ್ಟುಕೊಂಡೇ ನೆರಳು ಬಳಿದೆ.

ಎರಡು ಕಡೆ ಇನ್ನೂ ಸರಿ ಇಲ್ಲ. ಮೂಗಿನ ಪಕ್ಕದಿಂದ ಬಾಯಿಯ ಕಡೆ ಬರುವ ನಗೆಗೆರೆ ತುಂಬಾ ಗಟ್ಟಿ ಕಾಣುತ್ತದೆ. ಕಣ್ಣು ಕೂಡ ಏನೋ ಬೇರೆ ತರಹ ಇದೆ, ಏನೆಂದು ಹೇಳಲು ಬರುತ್ತಿಲ್ಲ.

ಬಳ್ಳಾರಿ_ರೀಟಚ್

ಕಣ್ಣನ್ನು 300 ಪರ್ಸೆಂಟ್ ಜೂಮ್ ಮಾಡು. ಕಪ್ಪು ಪಾಪೆಯ ನಡುವೆ ಸೂಜಿ ಮೊನೆಯಷ್ಟು ಬಿಳಿ ಚುಕ್ಕೆ ಇರುತ್ತದೆ. ಅದು ಫ್ಲ್ಯಾಶ್. ತಮ್ಮನ ಕಣ್ಣಲ್ಲಿ ಚುಕ್ಕೆ ಇರುವುದಿಲ್ಲ, ಮೇಲೆ ಎಡಗಡೆ ಅಗಲವಾದ ಮಬ್ಬು ಬೆಳಕು ಇರುತ್ತದೆ. ಚುಕ್ಕೆ ಮುಚ್ಚಿ, ತಮ್ಮನ ಕಣ್ಣಿನ ಬೆಳಕಿನ ಆಕಾರ ನೋಡಿಕೊಂಡು ಅದೇ ಜಾಗಕ್ಕೆ ಬಳಿ. ಶುದ್ಧ ಬಿಳಿ ಬೇಡ. ಕಣ್ಣಿನ ಬಿಳಿಭಾಗವನ್ನೂ ಸ್ವಲ್ಪ ಮಬ್ಬು ಮಾಡು, ಫ್ಲ್ಯಾಶ್ ಅದನ್ನೂ ಬೆಳಗಿಸಿರುತ್ತದೆ.

ನಗೆಗೆರೆಗೆ ಕೆಳಗಿನ ಲೇಯರ್‌ನಲ್ಲಿ, ಗೆರೆಯ ಅಂಚಿನ ಮೇಲೆ ಮಾತ್ರ ಲ್ಯಾಸೋ ಹಾಕಿ, Feather 10 ಕೊಟ್ಟು ಬ್ಲರ್ ಮಾಡು. ಇಲ್ಲಿ ಸಿಂಧನೂರು ತಮ್ಮನ ದಾರಿ ಸರಿಯಾಗಿ ಕೆಲಸ ಮಾಡುತ್ತದೆ. ಗೆರೆ ತೆಗೆದುಹಾಕಬೇಡ, ಅವರು ನಗುತ್ತಿದ್ದಾರೆ.

ಎಲ್ಲದರ ಮೇಲೆ ಒಂದು Black & White ಲೇಯರ್ ಇಟ್ಟು ಫೋಟೋ ಚಿಕ್ಕದು ಮಾಡಿ ನೋಡು. ಬಣ್ಣ ಹೋದಾಗ ಬೆಳಕಿನ ತಪ್ಪು ಬೇಗ ಕಾಣುತ್ತದೆ. ಆಗಲೂ ಮಾವನ ಮುಖಕ್ಕೇ ಮೊದಲು ಕಣ್ಣು ಹೋದರೆ ಬಲ ಕೆನ್ನೆ ಇನ್ನೂ ಸ್ವಲ್ಪ ಇಳಿಸಬೇಕು.

ಸಿಂಧನೂರು_ಕ್ಲಿಕ್

ಅಕ್ಕ, ಒಂದು ಪ್ರಶ್ನೆ. ಉಲ್ಟಾ ಮಾಡಿದರೆ? ಮಾವನ ಮುಖ ಹಾಗೇ ಬಿಟ್ಟು, ಗ್ರೂಪ್‌ನ ಉಳಿದವರಿಗೆಲ್ಲ ಸ್ವಲ್ಪ ಕಾಂಟ್ರಾಸ್ಟ್ ಕೊಟ್ಟು ಫ್ಲ್ಯಾಶ್ ಹೊಡೆದ ಹಾಗೆ ಮಾಡಿದರೆ ಕೆಲಸ ಕಡಿಮೆ ಅಲ್ವಾ?

ಬಳ್ಳಾರಿ_ರೀಟಚ್

ಕಾಂಟ್ರಾಸ್ಟ್ ಕೊಟ್ಟರೆ ಎಡದಿಂದ ಬಂದ ಬೆಳಕು ಮುಂದಿನಿಂದ ಬಂದಂತೆ ಆಗುವುದಿಲ್ಲ. ಎಡ ಬಲದ ಅಂತರ ಇನ್ನೂ ಜಾಸ್ತಿ ಆಗುತ್ತದೆ. ಒಬ್ಬರ ಸಲುವಾಗಿ ಅಷ್ಟೂ ಜನರ ಒಳ್ಳೆ ಬೆಳಕು ಕೆಡಿಸುವುದು ನನಗೆ ಸರಿ ಅನ್ನಿಸುವುದಿಲ್ಲ.

ಕೊಪ್ಪಳ_ಕ್ಯಾಂಡಿಡ್

ನಾನು ಮಾತ್ರ ಹೊಸದಾಗಿ ತೆಗೆಯುವುದೇ ಒಳ್ಳೆಯದು ಅನ್ನುತ್ತೇನೆ. ಮೀಸೆ ಅಂಚು ಕಷ್ಟ ನಿಜ, ಆದರೆ ಚರ್ಮ ಅವರದೇ ಇರುತ್ತದೆ, ಬಳಿದದ್ದು ಇರುವುದಿಲ್ಲ. ಇನ್ನು ಸ್ಟೇಜ್ ಮೇಲೆ ಫೋಟೋ ತೆಗೆಯುವ ತಮ್ಮಂದಿರಿಗೆ ಒಂದು ಮಾತು. ಮೇಲೆ ಬಿಳಿ ಬಟ್ಟೆ ಇದ್ದರೆ ಫ್ಲ್ಯಾಶ್ ತಲೆಯನ್ನು ಅದಕ್ಕೆ ತಿರುಗಿಸಿ ಹೊಡೆಯಿರಿ. ಕೆಂಪು ಹಳದಿ ಬಟ್ಟೆ ಇದ್ದರೆ ಬೇಡ, ಮುಖಕ್ಕೆ ಅದೇ ಬಣ್ಣ ಬರುತ್ತದೆ. ಆಗ ಫ್ಲ್ಯಾಶ್‌ಗೆ ಛತ್ರಿ ಹಾಕಿ ಪಕ್ಕದಲ್ಲಿ ಇಡುವುದೇ ಸರಿ. ಜೇಬಿನಲ್ಲಿ ಟಿಶ್ಯೂ ಇರಲಿ. ಹಣೆ ಒರೆಸಬೇಡಿ, ಒತ್ತಿ ತೆಗೆಯಿರಿ. ಒರೆಸಿದರೆ ಕುಂಕುಮ, ವಿಭೂತಿ ಹರಡುತ್ತದೆ.

ಗಂಗಾವತಿ_ಆಲ್ಬಂ

ಕಣ್ಣಿನ ಚುಕ್ಕೆ ಮುಚ್ಚಿದ ತಕ್ಷಣ ನೋಟವೇ ಬದಲಾಯಿತು ಅಕ್ಕ. ಬಲ ಕೆನ್ನೆ ಇನ್ನೊಂದಿಷ್ಟು ಇಳಿಸಿದೆ. ಈಗ ಒಂದೇ ಅನುಮಾನ. ಲ್ಯಾಬಿನವರು ಗ್ಲಾಸಿ ಶೀಟ್ ಹಾಕುತ್ತಾರೆ. ವಾಪಸ್ ಕೊಟ್ಟ ಹೊಳಪು ಪ್ರಿಂಟ್‌ನಲ್ಲಿ ಜಾಸ್ತಿ ಕಾಣುತ್ತದಾ?

ಬಳ್ಳಾರಿ_ರೀಟಚ್

ಅದು ಲ್ಯಾಬಿನಿಂದ ಲ್ಯಾಬಿಗೆ ಬೇರೆ. ಮಾವ ಮತ್ತು ತಮ್ಮನ ಮುಖ ಎರಡೂ ಬರುವ ಹಾಗೆ ಒಂದು ತುಂಡು ಕತ್ತರಿಸಿ 4x6ರಲ್ಲಿ ಅದೇ ಶೀಟ್‌ನಲ್ಲಿ ಹಾಕಿಸು. ಒಂದರಲ್ಲಿ ಹೊಳಪಿನ ಲೇಯರ್ ಪೂರ್ತಿ, ಇನ್ನೊಂದರಲ್ಲಿ ಅರ್ಧ. ಎರಡನ್ನೂ ಬಾಗಿಲ ಹತ್ತಿರ ಹಗಲು ಬೆಳಕಲ್ಲಿ ನೋಡು, ಅಂಗಡಿಯ ಎಲ್‌ಇಡಿ ಕೆಳಗೆ ಬೇಡ. ಯಾವುದು ತಮ್ಮನ ಹಣೆಗೆ ಹತ್ತಿರ ಇದೆಯೋ ಅದನ್ನು ಆಲ್ಬಂಗೆ ಕಳಿಸು.